ಎರಡು ಗಂಟೆ ಬೆಂಕಿ ತಡೆಯುವ ಚಾವಣಿ: ಕವರ್ ಹೆಚ್ಚಿಸಬೇಕೇ, ಸಾರಣೆ ಮಾಡಬೇಕೇ, ಬಣ್ಣ ಬಳಿಯಬೇಕೇ?

ಉಡುಪಿಯಿಂದ ಮಲ್ಪೆಗೆ ಹೋಗುವ ರಸ್ತೆಯಲ್ಲೋ ಮಂಗಳೂರಿನ ಬಂದರು ಕಡೆಯಲ್ಲೋ ಮೂರು ಮಹಡಿಯ ಅಂಗಡಿ ಕಟ್ಟಡ ಏಳುತ್ತಿದೆ ಎಂದಿಟ್ಟುಕೊಳ್ಳಿ. ಕೆಳಗೆ ಬಟ್ಟೆ ಅಂಗಡಿಯ ದಾಸ್ತಾನು, ಮೇಲೆ ಕಚೇರಿ. ನಕ್ಷೆಯ ಮೂಲೆಯಲ್ಲಿ ‘ನೆಲಮಹಡಿಯ ಚಾವಣಿಗೆ 2 ಗಂಟೆ’ ಎಂಬ ಒಂದು ಸಾಲು ಕಂಡ ಕೂಡಲೇ ಸಲಹೆಗಳು ಶುರುವಾಗುತ್ತವೆ. ಕಂಟ್ರಾಕ್ಟರು ‘ದೊಡ್ಡ ಕವರ್ ಬ್ಲಾಕ್ ಹಾಕಿದರಾಯಿತು’ ಎನ್ನುತ್ತಾರೆ. ಕವರ್ ಎಂದರೆ ಸರಳನ್ನು ಹೊರಗಿನಿಂದ ಮುಚ್ಚಿರುವ ಕಾಂಕ್ರೀಟಿನ ದಪ್ಪ, ಬ್ಲಾಕು ಆ ದಪ್ಪವನ್ನು ಕಾಯುವ ತುಂಡು. ಒಳಾಂಗಣ ಮಾಡುವವರಿಗೆ ಹೇಗೂ ಫಾಲ್ಸ್ ಸೀಲಿಂಗ್ ಇದೆ. ಫ್ಯಾಬ್ರಿಕೇಶನ್‌ನವರು ‘ಐ-ಬೀಮ್ ಹಾಕಿ ಬೆಂಕಿ ತಡೆಯುವ ಪೇಂಟ್ ಹೊಡೆಯುವ, ಕೆಲಸ ಬೇಗ ಮುಗಿಯುತ್ತದೆ’ ಎನ್ನುತ್ತಾರೆ. ಮೂರು ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಯಾವುದು ಯಾವ ಕಟ್ಟಡಕ್ಕೆ ಎಂಬುದನ್ನು ನಿರ್ಧರಿಸಲು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕು.

ಮೊದಲನೆಯದು, ಎಷ್ಟು ಗಂಟೆ ಮತ್ತು ಯಾವ ಭಾಗಕ್ಕೆ. ಸ್ಲ್ಯಾಬ್, ಬೀಮ್, ಪಿಲ್ಲರ್ ಈ ಮೂರರ ಲೆಕ್ಕವೂ ಬೇರೆ. ಎರಡನೆಯದು, ಸ್ಲ್ಯಾಬ್ ಎರಡು ಬೀಮುಗಳ ಮೇಲೆ ಸುಮ್ಮನೆ ಕೂತ ‘ಬಿಡಿ’ ಸ್ಲ್ಯಾಬೇ ಅಥವಾ ಬೀಮು ದಾಟಿ ಮುಂದಿನ ಅಂಕಣಕ್ಕೂ ಹರಿಯುವ ‘ಮುಂದುವರಿದ’ ಸ್ಲ್ಯಾಬೇ. ಮೂರನೆಯದು, ಸಮುದ್ರದ ಉಪ್ಪುಗಾಳಿ ಅದಕ್ಕೆ ಎಷ್ಟು ತಾಗುತ್ತದೆ. ನಾಲ್ಕನೆಯದು, ಕಟ್ಟಿದ ಹತ್ತು ವರ್ಷದ ನಂತರ ಆ ರಕ್ಷಣೆ ಅಲ್ಲೇ ಇದೆಯೇ ಎಂದು ನೋಡಲು ಸಾಧ್ಯವೇ. ಎಲೆಕ್ಟ್ರಿಷಿಯನ್ನೋ ಎಸಿ ಕೂರಿಸುವವನೋ ಅದನ್ನು ಕೊರೆದು ಹಾಳು ಮಾಡುವ ಸಂಭವ ಎಷ್ಟು. ಹಣದ ಪ್ರಶ್ನೆ ಐದನೆಯದು. ಅದನ್ನು ಕೊನೆಗಿಟ್ಟಿರುವುದಕ್ಕೆ ಕಾರಣವಿದೆ: ಮೊದಲ ನಾಲ್ಕಕ್ಕೆ ಉತ್ತರ ಸಿಕ್ಕಾಗ ಅರ್ಧದಷ್ಟು ಆಯ್ಕೆಗಳು ತಾವಾಗಿಯೇ ಬಿದ್ದುಹೋಗಿರುತ್ತವೆ.

ಬಿಸಿಯಾದಾಗ ನಡೆಯುವುದೇನು

ಬೆಂಕಿ ತಡೆಯ ಪರೀಕ್ಷೆಗೆ ಬಳಸುವ ಪ್ರಮಾಣಿತ ಕುಲುಮೆಯಲ್ಲಿ ಅರ್ಧ ಗಂಟೆಗೆ ಗಾಳಿಯ ತಾಪ ಸುಮಾರು 840 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಒಂದು ಗಂಟೆಗೆ 945, ಎರಡು ಗಂಟೆಗೆ 1050ರ ಹತ್ತಿರ. ‘2 ಗಂಟೆಯ ರೇಟಿಂಗ್’ ಎಂದರೆ ಆ ಕುಲುಮೆಯಲ್ಲಿ ಅಷ್ಟು ಹೊತ್ತು ತನ್ನ ಹೊರೆ ಹೊತ್ತು ನಿಲ್ಲಬೇಕು ಎಂದರ್ಥ.

ಕಾಂಕ್ರೀಟಿನೊಳಗಿನ ಸರಳು 400 ಡಿಗ್ರಿಯವರೆಗೆ ತನ್ನ ಬಲವನ್ನು ಹೆಚ್ಚುಕಡಿಮೆ ಪೂರ್ತಿ ಉಳಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಇಳಿತ ಜೋರು. 500 ಡಿಗ್ರಿಯಲ್ಲಿ ಸುಮಾರು ಶೇ 78, 600ರಲ್ಲಿ ಶೇ 47, 700ರಲ್ಲಿ ಶೇ 23 ಮಾತ್ರ ಉಳಿಯುತ್ತದೆ. ಅಂದರೆ 500ರಿಂದ 700ರೊಳಗೆ ಸ್ಲ್ಯಾಬಿನ ಹಣೆಬರಹ ನಿರ್ಧಾರವಾಗುತ್ತದೆ. ಕವರ್ ಮಾಡುವುದು ಇಷ್ಟೇ: ಸರಳು ಆ ತಾಪ ಮುಟ್ಟುವುದನ್ನು ತಡಮಾಡುತ್ತದೆ.

ಕಾಂಕ್ರೀಟ್ ಕೂಡ ಬಲ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಬಳಸುವುದು ಕರಿಕಲ್ಲು, ಗ್ರಾನೈಟ್ ಜಾತಿಯ ಜಲ್ಲಿ. ಸಿಲಿಕಾ ಹೆಚ್ಚಿರುವ ಕಲ್ಲು. ಇಂಥ ಜಲ್ಲಿಯ ಕಾಂಕ್ರೀಟಿನಲ್ಲಿ 400 ಡಿಗ್ರಿಗೆ ಶೇ 75, 500ಕ್ಕೆ ಶೇ 60, 600ಕ್ಕೆ ಶೇ 45ರಷ್ಟು ಬಲ ಉಳಿಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಸುಣ್ಣಕಲ್ಲಿನ ಜಲ್ಲಿಯಾದರೆ ಇದಕ್ಕಿಂತ ಸ್ವಲ್ಪ ವಾಸಿ, ಆದರೆ ಕರಾವಳಿಯಲ್ಲಿ ಅದನ್ನು ಯಾರೂ ತರಿಸುವುದಿಲ್ಲ. ಹಾಗಿದ್ದರೂ ಸ್ಲ್ಯಾಬಿನ ಮಟ್ಟಿಗೆ ಕಾಂಕ್ರೀಟಿನ ನಷ್ಟ ದೊಡ್ಡ ಚಿಂತೆಯಲ್ಲ. ಬೆಂಕಿ ಕೆಳಗಿರುತ್ತದೆ, ಸ್ಲ್ಯಾಬ್ ನಡುವಿನಲ್ಲಿ ಒತ್ತಡ ಹೊರುವ ಕಾಂಕ್ರೀಟ್ ಮೇಲ್ಭಾಗದಲ್ಲಿ ತಣ್ಣಗಿರುತ್ತದೆ. ಕೆಳಗಿನ ಸರಳೇ ಮೊದಲು ಸೋಲುವುದು. ಪಿಲ್ಲರಿನ ಕತೆ ತಿರುವುಮುರುವು. ಅದನ್ನು ಮುಂದೆ ನೋಡೋಣ.

ಕೋಡ್ ಕೇಳುವ ಕವರ್

ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456:2000ರ ಕೋಷ್ಟಕ 16ಎ ಯಲ್ಲಿ ಬೆಂಕಿಗಾಗಿ ಕೊಡಬೇಕಾದ ಕವರ್ ಇದೆ. ನಮಗೆ ಬೇಕಾದ ಸಾಲುಗಳಿಷ್ಟು, ಎಲ್ಲವೂ ಮಿಲಿಮೀಟರಿನಲ್ಲಿ:

| ಅವಧಿ | ಬೀಮ್, ಬಿಡಿ | ಬೀಮ್, ಮುಂದುವರಿದ | ಸ್ಲ್ಯಾಬ್, ಬಿಡಿ | ಸ್ಲ್ಯಾಬ್, ಮುಂದುವರಿದ |
|---|---|---|---|---|
| 1 ಗಂಟೆ | 20 | 20 | 20 | 20 |
| 1.5 ಗಂಟೆ | 20 | 20 | 25 | 20 |
| 2 ಗಂಟೆ | 40 | 30 | 35 | 25 |
| 3 ಗಂಟೆ | 60 | 40 | 45 | 35 |

ಈ ಅಂಕಿಗಳು ಎಲ್ಲಕ್ಕಿಂತ ಹೊರಗಿರುವ ಉಕ್ಕಿನ ಮುಖದಿಂದ ಅಳೆದವು. ಬೀಮಿನಲ್ಲಿ ಹೊರಗಿರುವುದು ಮುಖ್ಯ ಸರಳನ್ನು ಸುತ್ತುವ ಬಳೆ, ಅಂದರೆ ಸ್ಟಿರಪ್ಪು, ಮುಖ್ಯ ಸರಳಲ್ಲ. ಮುಖ್ಯ ಸರಳಿನಿಂದ 30 ಅಳೆದು ‘ಸರಿಯಿದೆ’ ಎಂದವರ ಬೀಮಿನಲ್ಲಿ 8 ಮಿ.ಮೀ. ಸ್ಟಿರಪ್ಪಿಗೆ ಸಿಗುವುದು 22. ಇನ್ನೊಂದು ಷರತ್ತನ್ನು ಬಹಳ ಜನ ಓದುವುದೇ ಇಲ್ಲ. ಈ ಕವರ್ ಸಾಕಾಗುವುದು ಸ್ಲ್ಯಾಬ್, ಬೀಮಿನ ಗಾತ್ರವೂ ಸಾಕಷ್ಟಿದ್ದರೆ ಮಾತ್ರ. 2 ಗಂಟೆಗೆ ಸ್ಲ್ಯಾಬ್ ಕನಿಷ್ಠ 125 ಮಿ.ಮೀ. ದಪ್ಪ, ಬೀಮ್ ಕನಿಷ್ಠ 200 ಮಿ.ಮೀ. ಅಗಲ ಇರಬೇಕು. 110ರ ಸ್ಲ್ಯಾಬಿಗೆ ಎಷ್ಟೇ ಕವರ್ ಕೊಟ್ಟರೂ ಅದು 2 ಗಂಟೆಯದಾಗುವುದಿಲ್ಲ.

ಅದೇ ಕೋಡಿನಲ್ಲಿ ಬಾಳಿಕೆಗಾಗಿ, ಅಂದರೆ ತುಕ್ಕು ತಡೆಯಲು, ಬೇರೆಯೇ ಕೋಷ್ಟಕವಿದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ನೇರ ಸಿಗದೆ ಒಳಗಿರುವ ಕಾಂಕ್ರೀಟ್ ‘ಮಧ್ಯಮ’ ವರ್ಗಕ್ಕೆ ಸೇರುತ್ತದೆ: 30 ಮಿ.ಮೀ. ಕವರ್, ಕನಿಷ್ಠ ಎಂ 25 ದರ್ಜೆಯ ಕಾಂಕ್ರೀಟ್. ಕರಾವಳಿಯ ಹೊರಗಾಳಿಗೆ ತೆರೆದದ್ದು ‘ತೀವ್ರ’: 45 ಮಿ.ಮೀ., ಎಂ 30. ಎರಡು ಕೋಷ್ಟಕದಲ್ಲಿ ಯಾವುದು ಹೆಚ್ಚೋ ಅದನ್ನೇ ಕೊಡಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕರಾವಳಿಯವರಿಗೆ ಒಂದು ಲಾಭ ಕಾಣುತ್ತದೆ. ಒಳಗಿನ ಮುಂದುವರಿದ ಸ್ಲ್ಯಾಬಿಗೆ ಬೆಂಕಿ ಕೇಳುವುದು 25, ಉಪ್ಪು ಕೇಳುವುದು 30. ಮುಂದುವರಿದ ಬೀಮಿಗೆ ಎರಡೂ 30. ಅಂದರೆ ತುಕ್ಕಿಗೆ ಹೆದರಿ ಹೇಗೂ ಕೊಡಬೇಕಾದ ಕವರಿನಲ್ಲೇ 2 ಗಂಟೆಯ ರೇಟಿಂಗ್ ಬಿಟ್ಟಿಯಾಗಿ ಸಿಗುತ್ತದೆ. ಬೆಂಕಿ ಹೆಚ್ಚುವರಿ ಕೇಳುವುದು ಬಿಡಿ ಸ್ಲ್ಯಾಬ್ ಮತ್ತು ಬಿಡಿ ಬೀಮುಗಳಲ್ಲಿ ಮಾತ್ರ. ಘಟ್ಟದ ಮೇಲಿನ ಊರುಗಳ ನಕ್ಷೆಯಿಂದ ‘ಸ್ಲ್ಯಾಬ್ ಕವರ್ 20’ ಎಂಬ ಸಾಲನ್ನು ಹಾಗೇ ಎತ್ತಿ ಹಾಕಿದ ಕಡೆ ಬೆಂಕಿಗೂ ಉಪ್ಪಿಗೂ ಎರಡಕ್ಕೂ ಸಾಲುವುದಿಲ್ಲ.

ಒಂದು ಸ್ಲ್ಯಾಬಿನ ಲೆಕ್ಕ

ಬಟ್ಟೆ ದಾಸ್ತಾನಿನ ಮೇಲೆ 3 ಮೀಟರ್ ಅಂಕಣದ ಬಿಡಿ ಸ್ಲ್ಯಾಬ್, ದಪ್ಪ 150, ಎಂ 25 ಕಾಂಕ್ರೀಟ್, ಎಫ್‌ಇ 500 ಸರಳು, 10 ಮಿ.ಮೀ. ಗಾತ್ರದ್ದು 200 ಮಿ.ಮೀ. ಅಂತರದಲ್ಲಿ. ಸ್ವಂತ ಭಾರ ಚದರ ಮೀಟರಿಗೆ 3.75 ಕಿಲೋನ್ಯೂಟನ್, ನೆಲಹಾಸು 1.25, ಮೇಲಿನ ಬಳಕೆಯ ಹೊರೆ 4, ಒಟ್ಟು 9. ಬೆಂಕಿಯ ಹೊತ್ತಿನಲ್ಲಿ ಸುರಕ್ಷಾ ಗುಣಕಗಳಿಲ್ಲದೆ ಈ 9ನ್ನೇ ಹೊತ್ತು ನಿಲ್ಲಬೇಕು ಎಂದುಕೊಂಡರೆ ನಡುವಿನಲ್ಲಿ ಬಾಗುಬಲ ಮೀಟರ್ ಅಗಲಕ್ಕೆ 10.1 ಕಿಲೋನ್ಯೂಟನ್ ಮೀಟರ್.

ಕವರ್ 20 ಇದ್ದಾಗ ಸರಳಿನ ನಡುಗೆರೆ ಕೆಳಮುಖದಿಂದ 25 ಮಿ.ಮೀ. ಒಳಗಿರುತ್ತದೆ. ತಣ್ಣಗಿದ್ದಾಗ, ಗುಣಕಗಳಿಲ್ಲದೆ, ಸ್ಲ್ಯಾಬ್ ಹೊರಬಲ್ಲದ್ದು ಸುಮಾರು 23.5. ಒಂದೂವರೆ ಗಂಟೆಯ ಬೆಂಕಿಯಲ್ಲಿ 25 ಮಿ.ಮೀ. ಆಳದಲ್ಲಿ ಅಂದಾಜು 570 ಡಿಗ್ರಿ. ಸರಳಿನ ಬಲ ಶೇ 57ರ ಹತ್ತಿರ, ಸ್ಲ್ಯಾಬಿನ ಶಕ್ತಿ 13ಕ್ಕೆ ಇಳಿದರೂ 10.1ಕ್ಕಿಂತ ಮೇಲಿದೆ. ಎರಡು ಗಂಟೆಗೆ ಅದೇ ಆಳ ಸುಮಾರು 650 ಡಿಗ್ರಿ ಮುಟ್ಟುತ್ತದೆ. ಈಗ ಉಳಿಯುವುದು ಶೇ 35, ಸ್ಲ್ಯಾಬಿನ ಶಕ್ತಿ 8ರಷ್ಟು. ಬೀಳುತ್ತದೆ. ಒಂದೂವರೆ ಗಂಟೆ ಗಟ್ಟಿಯಾಗಿ ನಿಂತದ್ದು ಕೊನೆಯ ಅರ್ಧ ಗಂಟೆಯಲ್ಲಿ ಕೈಬಿಡುತ್ತದೆ, ಏಕೆಂದರೆ ಸರಳು ಆಗ ಇಳಿಜಾರಿನ ಅತಿ ಕಡಿದಾದ ಭಾಗದಲ್ಲಿರುತ್ತದೆ.

ಕವರ್ 35 ಮಾಡಿದರೆ ನಡುಗೆರೆ 40 ಮಿ.ಮೀ. ಒಳಗೆ. ಎರಡು ಗಂಟೆಗೆ ಅಲ್ಲಿ ಅಂದಾಜು 480 ಡಿಗ್ರಿ, ಬಲ ಶೇ 82. ಸರಳು ಮೇಲಕ್ಕೆ ಸರಿದುದರಿಂದ ತಣ್ಣಗಿನ ಶಕ್ತಿ 20.5ಕ್ಕೆ ಇಳಿದಿರುತ್ತದೆ, ಆದರೂ ಬೆಂಕಿಯಲ್ಲಿ ಸುಮಾರು 17 ಉಳಿಯುತ್ತದೆ. ಆರಾಮವಾಗಿ ಸಾಕು.

ಇದಕ್ಕೆ ತೆರುವ ಬೆಲೆ ಬೆಂಕಿಯ ಲೆಕ್ಕದಲ್ಲಿ ಕಾಣುವುದಿಲ್ಲ, ದಿನನಿತ್ಯದ ಲೆಕ್ಕದಲ್ಲಿ ಕಾಣುತ್ತದೆ. ಸ್ಲ್ಯಾಬಿನ ಕೆಲಸ ಮಾಡುವ ಆಳ 125ರಿಂದ 110ಕ್ಕೆ ಇಳಿಯಿತು. ಸಾಮಾನ್ಯ ಹೊರೆಗೆ ಬಲ ಸಾಕಾಗುತ್ತದೆ, ಆದರೆ ಬಾಗುವಿಕೆಯ ಮಿತಿ ಅಂಚಿಗೆ ಬರುತ್ತದೆ. ಸರಳಿನ ಅಂತರವನ್ನು 200ರಿಂದ 175ಕ್ಕೆ ತಂದರೆ ಅದು ಸರಿಹೋಗುತ್ತದೆ. ಅಂದರೆ ಸರಳಿನಲ್ಲಿ ಶೇ 14ರಷ್ಟು ಹೆಚ್ಚಳ. ಕಾಂಕ್ರೀಟ್ ಒಂದು ಬುಟ್ಟಿಯೂ ಹೆಚ್ಚಾಗಲಿಲ್ಲ. ನಕ್ಷೆಯಲ್ಲಿ ಕವರ್ ಅಂಕಿ ಮಾತ್ರ ತಿದ್ದಿ ಅಂತರವನ್ನು ಹಾಗೇ ಬಿಟ್ಟರೆ ಬೆಂಕಿ ಬರದಿದ್ದರೂ ಒಂದೆರಡು ವರ್ಷದಲ್ಲಿ ನೆಲದ ಟೈಲ್ಸ್ ಬಿರುಕು ಬಿಡಬಹುದು.

ಇಲ್ಲಿ ಒಂದು ಅನುಮಾನ ಬರುವುದು ಸಹಜ. ಉಪ್ಪಿಗಾಗಿ ಕೊಟ್ಟ 30ರಲ್ಲೇ ಈ ಸ್ಲ್ಯಾಬ್ ಲೆಕ್ಕದ ಪ್ರಕಾರ ನಿಲ್ಲುತ್ತದಲ್ಲ? ನಿಲ್ಲುತ್ತದೆ, 15ರ ಹತ್ತಿರ ಶಕ್ತಿ ಉಳಿಯುತ್ತದೆ. ಆದರೆ ಕೋಷ್ಟಕ ಎಲ್ಲ ಅಂಕಣಕ್ಕೂ ಎಲ್ಲ ಹೊರೆಗೂ ಹೊಂದಬೇಕಾದ್ದು, ತನ್ನ ಶಕ್ತಿಯ ಅಂಚಿನಲ್ಲಿ ಕೆಲಸ ಮಾಡುವ ಸ್ಲ್ಯಾಬಿಗೂ ಸೇರಿ. ನಮ್ಮ ಸ್ಲ್ಯಾಬಿನಲ್ಲಿ ಸರಳು ಸ್ವಲ್ಪ ಧಾರಾಳವಾಗಿದೆ. ಮೇಲಾಗಿ 5 ಮಿ.ಮೀ. ಎಂದರೆ ಸರಳಿನ ಮೇಲೆ ಒಬ್ಬ ಕೆಲಸಗಾರ ಕಾಲಿಟ್ಟರೆ ಹೋಗುವ ಅಳತೆ. ಪ್ರತ್ಯೇಕ ಲೆಕ್ಕವನ್ನು ಡಿಸೈನರ್ ಸಹಿ ಹಾಕಿ ಕೊಡದಿದ್ದರೆ ಕೋಷ್ಟಕದ 35ನ್ನೇ ಹಿಡಿಯುವುದು ಸರಿ.

ಮೊದಲ ಆಯ್ಕೆ: ಸ್ಲ್ಯಾಬನ್ನು ಮುಂದುವರಿಸುವುದು

ಹೊಸ ಕಟ್ಟಡಕ್ಕೆ ಇದು ಎಲ್ಲಕ್ಕಿಂತ ಅಗ್ಗದ ದಾರಿ, ಆದರೆ ಸೈಟಿನಲ್ಲಿ ಯಾರೂ ಇದನ್ನು ಬೆಂಕಿಯ ಉಪಾಯವೆಂದು ಎಣಿಸುವುದಿಲ್ಲ. ಸ್ಲ್ಯಾಬ್ ಬೀಮಿನ ಮೇಲಿಂದ ಮುಂದಿನ ಅಂಕಣಕ್ಕೆ ಹರಿದಾಗ ಬೀಮಿನ ತಲೆಯ ಮೇಲೆ, ಸ್ಲ್ಯಾಬಿನ ಮೇಲ್ಭಾಗದಲ್ಲಿ ಸರಳು ಇರುತ್ತದೆ. ಬೆಂಕಿ ಕೆಳಗಿರುವಾಗ ಆ ಸರಳು ತಣ್ಣಗಿರುತ್ತದೆ. ಅಂಕಣದ ನಡುವಿನ ಸರಳು ಬಿಸಿಯಾಗಿ ಸೋಲುತ್ತ ಬಂದಂತೆ ಹೊರೆ ಬೀಮಿನ ಕಡೆಗೆ, ಆ ತಣ್ಣಗಿನ ಸರಳಿನ ಕಡೆಗೆ ಜಾರುತ್ತದೆ. 35ರ ಬದಲು 25 ಸಾಕು ಎಂದು ಕೋಡ್ ಬಿಟ್ಟುಕೊಡುವುದು ಈ ಕಾರಣಕ್ಕೆ.

ಆದ್ದರಿಂದ ಆ ಮೇಲಿನ ಸರಳು ನಿಜಕ್ಕೂ ಮೇಲೆ ಇರಬೇಕು, ಸಾಕಷ್ಟು ಉದ್ದವೂ ಇರಬೇಕು. ಬೆಂಕಿಯಲ್ಲಿ ಹೊರೆ ಜಾರಿದಾಗ ಬಾಗುಬಲ ತಿರುಗುವ ಜಾಗ ಅಂಕಣದ ನಡುವಿನತ್ತ ಸರಿಯುತ್ತದೆ. ಸರಳನ್ನು ಮೊಟಕು ಮಾಡಿದ್ದರೆ ಅದು ಮುಗಿಯುವ ಕಡೆ ಸ್ಲ್ಯಾಬ್ ಮೇಲಿನಿಂದ ಸೀಳುತ್ತದೆ. ಎಲ್ಲ ಮೇಲಿನ ಸರಳನ್ನೂ ಒಂದೇ ಕಡೆ ನಿಲ್ಲಿಸದೆ ಒಂದು ಪಾಲನ್ನು ಅಂಕಣದ ಉದ್ದಕ್ಕೂ ಒಯ್ಯುವುದು ಒಳ್ಳೆಯದು. ಕಾಂಕ್ರೀಟ್ ಹಾಕುವ ದಿನ ಬುಟ್ಟಿ ಹೊತ್ತವರು, ಪಂಪಿನ ಪೈಪ್ ಎಳೆಯುವವರು ತುಳಿದು ಈ ಸರಳು ಸ್ಲ್ಯಾಬಿನ ಹೊಟ್ಟೆಗೆ ಇಳಿಯುವುದು ಎಲ್ಲ ಕಡೆ ನಡೆಯುವ ತಪ್ಪು. ಮೀಟರಿಗೊಂದರಂತೆ ಸರಳಿನ ಚೇರ್ ಕಟ್ಟಿ, ಓಡಾಡಲು ಹಲಗೆ ಹಾಕಿದರೆ ತಪ್ಪುತ್ತದೆ. ಚೇರ್ ಇಲ್ಲದ ಸ್ಲ್ಯಾಬ್ ಕಾಗದದಲ್ಲಿ ಮುಂದುವರಿದದ್ದು, ಬೆಂಕಿಯ ಎದುರು ಬಿಡಿ.

ಒಂದೇ ಅಂಕಣದ ಅಂಗಡಿ, ಎರಡು ಮುರಕಲ್ಲಿನ ಗೋಡೆಗಳ ನಡುವೆ ಕೂತ ಸ್ಲ್ಯಾಬ್, ಪ್ರೀಕಾಸ್ಟ್ ಹಲಗೆ ಇವಕ್ಕೆ ಈ ಆಯ್ಕೆ ಇಲ್ಲ.

ಎರಡನೆಯದು: ಕವರನ್ನೇ ಹೆಚ್ಚಿಸುವುದು

ಮೇಲಿನ ಲೆಕ್ಕದಲ್ಲಿ ಕಂಡಂತೆ 35ರವರೆಗೆ ಇದು ಸುಲಭ. ನಿರ್ವಹಣೆ ಬೇಡ, ಯಾರೂ ಕಿತ್ತುಹಾಕಲಾರರು, ತುಕ್ಕಿಗೂ ಅದೇ ಮದ್ದು. ಅದನ್ನು ಮೀರಿದಾಗ ತೊಡಕು ಶುರುವಾಗುತ್ತದೆ. ಬೀಮಿಗೆ 40, ಸ್ಲ್ಯಾಬಿಗೆ 35ಕ್ಕಿಂತ ಹೆಚ್ಚು ಕವರ್ ಬೇಕಾದಾಗ ಕಾಂಕ್ರೀಟ್ ಸಿಡಿದು ಉದುರದಂತೆ ಹೆಚ್ಚುವರಿ ಕ್ರಮ ಬೇಕೆಂದು ಐಎಸ್ 456 ಹೇಳುತ್ತದೆ. ಸರಳಿನ ಆಸರೆಯಿಲ್ಲದ ದಪ್ಪ ಹೊದಿಕೆ ಬಿಸಿಯಲ್ಲಿ ಚಕ್ಕೆಯಾಗಿ ಬಿದ್ದರೆ ಸರಳು ಒಮ್ಮೆಲೇ ಬೆಂಕಿಗೆ ತೆರೆದುಕೊಳ್ಳುತ್ತದೆ. ಆಗ ಹಾಕಿದ ಕವರ್ ಲೆಕ್ಕಕ್ಕೇ ಬರುವುದಿಲ್ಲ.

ಸಿಡಿಯುವುದಕ್ಕೆ ದೊಡ್ಡ ಕಾರಣ ಕಾಂಕ್ರೀಟಿನೊಳಗಿನ ನೀರು. ಅದು ಆವಿಯಾಗಿ ಹೊರಬರಲು ದಾರಿ ಸಿಗದಿದ್ದರೆ ಒಳಗಿನಿಂದ ಒತ್ತುತ್ತದೆ. ತೇವಾಂಶ ತೂಕದ ಶೇ 3ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕಾಂಕ್ರೀಟ್ ಸಿಡಿಯುವ ಭಯ ಅಷ್ಟಿಲ್ಲ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಹಿಡಿಯುವ ಊರಿನಲ್ಲಿ, ಗಾಳಿಬೆಳಕಿಲ್ಲದ ತಳಮಹಡಿಯಲ್ಲಿ ಆ ಭರವಸೆ ಇಟ್ಟುಕೊಳ್ಳಲಾಗದು. ಎಂ 25ಕ್ಕಿಂತ ದಟ್ಟವಾದ ಕಾಂಕ್ರೀಟಿನಲ್ಲಿ ಆವಿಗೆ ದಾರಿ ಇನ್ನೂ ಕಡಿಮೆ.

ಹಳೆಯ ಪದ್ಧತಿಯೆಂದರೆ ಕವರಿನ ನಡುವೆ ತೆಳು ಜಾಲರಿ ಹಾಕಿ ಚಕ್ಕೆ ಬೀಳದಂತೆ ಹಿಡಿಯುವುದು. ಇದು ಬೆಂಗಳೂರಿಗೆ ಸರಿ, ಮಲ್ಪೆಗೆ ಅಲ್ಲ. ಕೆಳಮುಖದಿಂದ 20 ಮಿ.ಮೀ. ಒಳಗಿನ ಆ ಜಾಲರಿಯೇ ಉಪ್ಪಿಗೆ ಮೊದಲು ತುಕ್ಕು ಹಿಡಿದು, ಉಬ್ಬಿ, ಬೆಂಕಿಯಿಲ್ಲದೆಯೇ ಕವರನ್ನು ಉದುರಿಸುತ್ತದೆ. ಕರಾವಳಿಯಲ್ಲಿ 3 ಗಂಟೆಯ ಬೇಡಿಕೆ ಬಂದಾಗ ಕಾಂಕ್ರೀಟಿಗೆ ಪಾಲಿಪ್ರೊಪಿಲೀನ್ ನಾರು, ಘನ ಮೀಟರಿಗೆ ಸುಮಾರು 2 ಕಿಲೋ, ಬೆರೆಸುವುದು ಮೇಲು. 160–170 ಡಿಗ್ರಿಯಲ್ಲಿ ಅದು ಕರಗಿ ಆವಿಗೆ ಸಣ್ಣ ಸಣ್ಣ ದಾರಿ ಬಿಡುತ್ತದೆ. ತುಕ್ಕಿನ ಮಾತೇ ಇಲ್ಲ. ಕಾಂಕ್ರೀಟ್ ಸ್ವಲ್ಪ ಬಿಗಿಯಾಗುತ್ತದೆ, ಪಂಪಿನವರು ನೀರು ಸೇರಿಸಲು ನೋಡುತ್ತಾರೆ. ಅದನ್ನು ತಡೆದು ಅಡ್ಮಿಕ್ಸ್‌ಚರಿನಲ್ಲೇ ಸರಿಮಾಡಿಸಬೇಕು.

ಮೂರನೆಯದು: ಕೆಳಗಿನಿಂದ ಹೊದಿಕೆ

ಕಟ್ಟಿ ಮುಗಿದ ಕಟ್ಟಡದ ಕವರನ್ನು ಹೆಚ್ಚಿಸಲಾಗದು. ಹಳೆಯ ಕಟ್ಟಡವನ್ನು ದಾಸ್ತಾನಿಗೋ ನರ್ಸಿಂಗ್ ಹೋಮಿಗೋ ಬದಲಿಸುವಾಗ ಉಳಿಯುವ ದಾರಿ ಕೆಳಗಿನಿಂದ ಹೊದಿಸುವುದು. ಮೊದಲು ಸರಳು ಎಷ್ಟು ಒಳಗಿದೆ ಎಂದು ಕವರ್ ಮೀಟರಿನಿಂದ ಪ್ರತಿ ಅಂಕಣದಲ್ಲೂ ಹತ್ತಾರು ಕಡೆ ನೋಡಿಸಬೇಕು. ಬೇಕಾದ ಹೊದಿಕೆಯ ದಪ್ಪ ಅದರ ಮೇಲೆ ನಿಂತಿದೆ.

ಸಾಮಾನ್ಯ ಸಿಮೆಂಟ್ ಸಾರಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚಾವಣಿಯ ಸಾರಣೆ ಬಿಸಿಯಾದ ಮೊದಲ ಹಂತದಲ್ಲೇ ಹಪ್ಪಳದಂತೆ ಬಿಟ್ಟು ಬೀಳುತ್ತದೆ. ವರ್ಮಿಕ್ಯುಲೈಟ್ ಸಾರಣೆ ಹಗುರ, ಶಾಖ ತಡೆಯುವ ಗುಣ ಚೆನ್ನಾಗಿದೆ, 15–25 ಮಿ.ಮೀ. ದಪ್ಪದಲ್ಲಿ ಬಹಳಷ್ಟು ಸಾಧಿಸುತ್ತದೆ. ಎಷ್ಟು ದಪ್ಪಕ್ಕೆ ಎಷ್ಟು ಗಂಟೆ ಎಂಬುದಕ್ಕೆ ತಯಾರಕರ ಪರೀಕ್ಷಾ ವರದಿ ಕೇಳಬೇಕು, ಮತ್ತು ಆ ವರದಿ ಕಾಂಕ್ರೀಟ್ ಚಾವಣಿಯ ಮೇಲೆ ಮಾಡಿದ ಪರೀಕ್ಷೆಯದ್ದೇ ಆಗಿರಬೇಕು. ಉಕ್ಕಿನ ಬೀಮಿನ ವರದಿ ತೋರಿಸಿ ಸ್ಲ್ಯಾಬಿಗೆ ಮಾರುವುದುಂಟು. ಚಾವಣಿಯಲ್ಲಿ ಜಾಲರಿಯನ್ನು ತಿರುಪಿನಿಂದ ಬಿಗಿದು ಅದರ ಮೇಲೆ ಹಾಕಿಸಿ. ಮುಗಿದ ನಂತರ ಕೋಲಿನಿಂದ ತಟ್ಟಿ ನೋಡಿದರೆ ಟೊಳ್ಳು ಸದ್ದು ಬಂದ ಕಡೆ ಅಂಟಿಲ್ಲ ಎಂದು ತಿಳಿಯುತ್ತದೆ.

ಹಳೆಯ ಸ್ಲ್ಯಾಬಿನಲ್ಲಿ ಕಂದು ಕಲೆ, ಸರಳಿನ ಉದ್ದಕ್ಕೆ ಕೂದಲೆಳೆ ಬಿರುಕು ಇದ್ದರೆ ಹೊದಿಕೆಗೆ ಮುಂಚೆ ತುಕ್ಕಿನ ಚಿಕಿತ್ಸೆ ಆಗಲೇಬೇಕು. ಮುಚ್ಚಿಬಿಟ್ಟರೆ ಒಳಗೆ ತುಕ್ಕು ಮುಂದುವರಿದು ಹೊದಿಕೆಯ ಸಮೇತ ಚಕ್ಕೆ ಕಳಚುತ್ತದೆ. ಇಂಥ ಸ್ಲ್ಯಾಬಿಗೆ ಕೆಳಗಿನಿಂದ ಮೈಕ್ರೋಕಾಂಕ್ರೀಟ್ ಹೊದಿಸುವುದು ಭಾರ, ದುಬಾರಿ. ಆದರೆ ಎರಡೂ ರೋಗಕ್ಕೆ ಒಂದೇ ಮದ್ದಾಗುವುದು ಅದೊಂದೇ.

ಫಾಲ್ಸ್ ಸೀಲಿಂಗ್ ವಿಷಯಕ್ಕೆ ಹೆಚ್ಚು ಹೇಳುವುದೇನೂ ಇಲ್ಲ. ಬೆಂಕಿ ತಡೆಯ ಬೋರ್ಡ್, ಅದರದೇ ಚೌಕಟ್ಟು, ಹ್ಯಾಂಗರ್, ಕೀಲುಗಳ ಮುಚ್ಚಳ ಎಲ್ಲವೂ ಒಟ್ಟಾಗಿ ಪರೀಕ್ಷೆಯಾಗಿದ್ದರೆ ಅದು ರಕ್ಷಣೆ. ಅಲಂಕಾರದ ಜಿಪ್ಸಮ್ ಚಾವಣಿಯಲ್ಲಿ ಹನ್ನೆರಡು ಲೈಟಿನ ತೂತು, ನಾಲ್ಕು ಎಸಿ ಗ್ರಿಲ್ ಇದ್ದರೆ ಅದರ ಬೆಲೆ ಸೊನ್ನೆ.

ನಾಲ್ಕನೆಯದು: ಉಕ್ಕಿನ ಬೀಮ್

ಬೇಗ ಮುಗಿಯಬೇಕು, ಕಂಬವಿಲ್ಲದ ಅಗಲ ಬೇಕು ಎನ್ನುವವರಿಗೆ ಉಕ್ಕಿನ ಆಸೆ ಸಹಜ. ಉಕ್ಕಿನ ಬಲ 215 ಡಿಗ್ರಿಯಿಂದ ನೇರ ಗೆರೆಯಂತೆ ಇಳಿದು 905ಕ್ಕೆ ಸೊನ್ನೆಯಾಗುತ್ತದೆ ಎಂದು ಉಕ್ಕಿನ ಕೋಡ್ ಐಎಸ್ 800:2007 ಹಿಡಿಯುತ್ತದೆ. ಬೀಮು ಎಷ್ಟು ಡಿಗ್ರಿವರೆಗೆ ನಿಲ್ಲುತ್ತದೆ ಎಂಬುದಕ್ಕೆ ಅಲ್ಲಿನ ಸೂತ್ರ ಸರಳ:

```
T = 905 - 690 × R
```

ಇಲ್ಲಿ R ಎಂದರೆ ಬೆಂಕಿಯ ಹೊತ್ತಿನ ಹೊರೆಯು ತಣ್ಣಗಿನ ಶಕ್ತಿಯ ಎಷ್ಟು ಪಾಲು ಎಂಬುದು. ಅರ್ಧದಷ್ಟು ಹೊರೆಯಿದ್ದರೆ 560 ಡಿಗ್ರಿ. ಐಎಸ್‌ಎಂಬಿ 300, ಅಂದರೆ 300 ಮಿ.ಮೀ. ಎತ್ತರದ ಐ-ಬೀಮು, ಮೇಲೆ ಸ್ಲ್ಯಾಬ್ ಕೂತು ಉಳಿದ ಮೂರು ಕಡೆ ಬೆಂಕಿಗೆ ತೆರೆದಿದ್ದರೆ ಆ 560 ಮುಟ್ಟಲು ಬೇಕಾಗುವುದು ಸುಮಾರು 18 ನಿಮಿಷ. ಕಾಂಕ್ರೀಟ್ ಬೀಮಿನೊಳಗಿನ ಸರಳಿಗೂ ಇದಕ್ಕೂ ಗುಣದಲ್ಲಿ ಅಂಥ ವ್ಯತ್ಯಾಸವಿಲ್ಲ. ಒಂದಕ್ಕೆ ಹೊದಿಕೆಯಿದೆ, ಇನ್ನೊಂದಕ್ಕಿಲ್ಲ.

18 ನಿಮಿಷವನ್ನು 120 ಮಾಡುವ ಪೇಂಟ್ ಇದೆ. 200 ಡಿಗ್ರಿಯ ಆಸುಪಾಸಿನಲ್ಲಿ ಅದು ಹತ್ತಾರು ಪಟ್ಟು ಉಬ್ಬಿ ಇದ್ದಿಲಿನ ನೊರೆಯಾಗಿ ಉಕ್ಕನ್ನು ಮುಚ್ಚುತ್ತದೆ. ಒಂದು ಗಂಟೆಯವರೆಗೆ ಇದು ಸೊಗಸಾದ ಆಯ್ಕೆ. ಎರಡು ಗಂಟೆಗೆ, ತೆಳು ಬೀಮಿನ ಮೇಲೆ, ಒಣಗಿದ ಪದರವೇ ಕೆಲವು ಮಿಲಿಮೀಟರ್ ಆಗಬೇಕು. ಅದಕ್ಕೆ ಹಲವು ಕೋಟ್, ಪ್ರತಿ ಕೋಟಿನ ನಡುವೆ ಒಣಗುವ ಹೊತ್ತು ಬೇಕು. ಮಳೆಗಾಲದ ಗಾಳಿಯಲ್ಲಿ ನೀರಿನಾಧಾರದ ಪೇಂಟ್ ಒಣಗುವುದೇ ಕಷ್ಟ. ಮೇಲಿನ ರಕ್ಷಕ ಕೋಟ್ ಇಲ್ಲದೆ ತೇವ ಹೀರಿದರೆ ಗುಳ್ಳೆ ಏಳುತ್ತದೆ, ಆ ಜಾಗ ಬೆಂಕಿಯಲ್ಲಿ ಉಬ್ಬುವುದಿಲ್ಲ. ಪ್ರೈಮರ್ ಕೂಡ ಆ ಪೇಂಟಿಗೆ ಹೊಂದುವುದೆಂದು ತಯಾರಕರು ಬರೆದುಕೊಟ್ಟದ್ದೇ ಆಗಿರಬೇಕು. ದಪ್ಪವನ್ನು ಗೇಜಿನಿಂದ ಅಳೆಯದೆ ಬಿಲ್ ಪಾಸು ಮಾಡಬೇಡಿ. ಬೀಮಿನ ಕೆಳ ಫ್ಲಾಂಜಿನ ಅಂಚಿನಲ್ಲೇ ಪದರ ತೆಳುವಾಗಿರುವುದು.

ವರ್ಮಿಕ್ಯುಲೈಟ್ ಸ್ಪ್ರೇ ಇದಕ್ಕಿಂತ ಅಗ್ಗ, ನೋಟ ಒರಟು. ಬೈಕಂಪಾಡಿಯ ಶೆಡ್ಡಿನೊಳಗೆ ನಡೆದೀತು. ಆದರೆ ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಕಡಲ ಕಡೆ ಬಾಯಿ ತೆರೆದಿರುವ ಕಟ್ಟಡದಲ್ಲಿ ಬೇಡ.

ಸಮುದ್ರದ ಬದಿಯಲ್ಲಿ ಉಕ್ಕನ್ನೇ ಹಾಕಬೇಕೆಂದಿದ್ದರೆ ಹಳೆಯ ಕ್ರಮವೇ ಗಟ್ಟಿ: ಬೀಮನ್ನು ಸುತ್ತ 50 ಮಿ.ಮೀ. ಕಾಂಕ್ರೀಟಿನಲ್ಲಿ, ಒಳಗೆ ತೆಳು ಸರಳಿನ ಬಳೆಯೊಂದಿಗೆ, ಹೂತುಬಿಡುವುದು. ಎರಡು ಗಂಟೆಗೆ ಸಾಕು. ಐಎಸ್‌ಎಂಬಿ 300ಕ್ಕೆ ಇದು ಮೀಟರಿಗೆ ಸುಮಾರು 200 ಕಿಲೋ ಭಾರ ಸೇರಿಸುತ್ತದೆ, ಸೆಂಟ್ರಿಂಗ್ ಮತ್ತೆ ಬೇಕು. ಬೇಗ ಮುಗಿಯುತ್ತದೆಂದು ಉಕ್ಕನ್ನು ಆರಿಸಿದ ಕಾರಣವೇ ಆಗ ಹೋಗಿರುತ್ತದೆ. ಅಷ್ಟಾದ ಮೇಲೆ ಕಾಂಕ್ರೀಟ್ ಬೀಮನ್ನೇ ಹಾಕಬಹುದಿತ್ತಲ್ಲ ಎಂಬ ಪ್ರಶ್ನೆಗೆ, ಅಂಕಣ 7–8 ಮೀಟರ್ ದಾಟದಿದ್ದರೆ, ನನ್ನಲ್ಲಿ ಉತ್ತರವಿಲ್ಲ.

ಪಿಲ್ಲರ್: ಕವರ್ ಅಲ್ಲ, ಗಾತ್ರ

ಪಿಲ್ಲರಿಗೆ ಕೋಡ್ ಅರ್ಧ ಗಂಟೆಗೂ 40, ನಾಲ್ಕು ಗಂಟೆಗೂ 40 ಕೇಳುತ್ತದೆ. ಗಂಟೆ ಹೆಚ್ಚಾದಂತೆ ಹೆಚ್ಚುವುದು ಅಗಲ. ಸುತ್ತಲೂ ಬೆಂಕಿ ತಾಗುವ ಪಿಲ್ಲರಿಗೆ 1 ಗಂಟೆಗೆ 200, 2 ಗಂಟೆಗೆ 300, 3 ಗಂಟೆಗೆ 400 ಮಿ.ಮೀ. ಏಕೆಂದರೆ ಪಿಲ್ಲರಿನಲ್ಲಿ ಹೊರೆ ಹೊರುವುದು ಮುಖ್ಯವಾಗಿ ಕಾಂಕ್ರೀಟು, ಬೆಂಕಿ ಅದನ್ನು ಎಲ್ಲ ಬದಿಯಿಂದಲೂ ತಿನ್ನುತ್ತದೆ. ಎರಡು ಗಂಟೆಗೆ ಪ್ರತಿ ಮುಖದಿಂದಲೂ ಸುಮಾರು 38 ಮಿ.ಮೀ. ಪದರ 500 ಡಿಗ್ರಿ ದಾಟುತ್ತದೆ. ಅದನ್ನು ಇಲ್ಲವೆಂದೇ ಲೆಕ್ಕ ಹಾಕುವುದು ರೂಢಿ. ಗೋಡೆಯಲ್ಲಿ ಅಡಗಲಿ ಎಂದು ನಮ್ಮಲ್ಲಿ ಎಲ್ಲ ಕಡೆ ಹಾಕುವ 230ರ ಪಿಲ್ಲರಿನಲ್ಲಿ ಉಳಿಯುವುದು 154. ಮೇಲಿನ ಮಹಡಿಯಲ್ಲಿ ಗೋಡೆ ಅದರ ಅರ್ಧ ಮೈಯನ್ನು ಮುಚ್ಚಿದ್ದರೆ 200 ಸಾಕು, ಪಾಸಾಗುತ್ತದೆ. ಅದೇ ಪಿಲ್ಲರ್ ಕೆಳಗೆ ತೆರೆದ ಪಾರ್ಕಿಂಗಿನಲ್ಲಿ ಒಂಟಿಯಾಗಿ ನಿಂತಾಗ ಫೇಲು. ಸ್ಲ್ಯಾಬಿನ ಕವರಿನ ಬಗ್ಗೆ ವಾರಗಟ್ಟಲೆ ಚರ್ಚಿಸಿ, ಪಾರ್ಕಿಂಗಿನ 230ರ ಪಿಲ್ಲರನ್ನು ಯಾರೂ ನೋಡದೆ ಬಿಟ್ಟ ನಕ್ಷೆಗಳು ಸಾಕಷ್ಟಿವೆ.

ಹಾಗಾದರೆ ಯಾರಿಗೆ ಯಾವುದು

ಹೊಸ ಕಟ್ಟಡ, ಎರಡಕ್ಕಿಂತ ಹೆಚ್ಚು ಅಂಕಣ, 2 ಗಂಟೆ: ಸ್ಲ್ಯಾಬ್ ಬೀಮು ಎರಡನ್ನೂ ಮುಂದುವರಿಸಿ, ಒಳಗೆ 30 ಕವರ್ ಕೊಡಿ. ಬಜೆಟ್ ಎಷ್ಟೇ ಇರಲಿ, ಇದನ್ನು ಬಿಟ್ಟು ಬೇರೆ ಹುಡುಕುವ ಅಗತ್ಯವಿಲ್ಲ. ಒಂಟಿ ಅಂಕಣದ ಅಂಗಡಿಗೆ ಸ್ಲ್ಯಾಬಿನಲ್ಲಿ 35, ಬೀಮಿನಲ್ಲಿ 40, ಸರಳು ತುಸು ಹತ್ತಿರ. ಕಡಲಿಗೆ ತೆರೆದ ಭಾಗಕ್ಕೆ 45 ಮತ್ತು ಎಂ 30, ಅಲ್ಲಿ ನಾರು ಬೆರೆಸಿದ ಕಾಂಕ್ರೀಟಿನ ಖರ್ಚಿಗೆ ಅರ್ಥವಿದೆ. ಹಳೆಯ ಕಟ್ಟಡದಲ್ಲಿ ತುಕ್ಕಿಲ್ಲದಿದ್ದರೆ ಜಾಲರಿಯ ಮೇಲೆ ವರ್ಮಿಕ್ಯುಲೈಟ್, ತುಕ್ಕಿದ್ದರೆ ಮೈಕ್ರೋಕಾಂಕ್ರೀಟ್. ಉಕ್ಕಿನ ಬೀಮು ಒಂದು ಗಂಟೆಗೆ, ಮಣಿಪಾಲದಂತೆ ಕಡಲಿಂದ ದೂರದ ಗುಡ್ಡದ ಮೇಲೆ, ಒಣ ಒಳಾಂಗಣದಲ್ಲಿ ಪೇಂಟಿನೊಂದಿಗೆ ಚೆನ್ನ.

ಯಾವುದನ್ನು ಆರಿಸಿದರೂ ಕಾಂಕ್ರೀಟ್ ಹಾಕುವ ಬೆಳಿಗ್ಗೆ ಸೆಂಟ್ರಿಂಗ್ ಶೀಟಿನ ಮೇಲೆ ಒಮ್ಮೆ ಬಗ್ಗಿ ನೋಡಿ. ಕವರ್ ಬ್ಲಾಕಿನ ಬದಲು ಜಲ್ಲಿಯ ಚೂರು, ಹಂಚಿನ ತುಂಡು ಇಟ್ಟಿದ್ದರೆ ತೆಗೆಸಿ. ಅವು ಮಗುಚಿದರೆ ಸರಳು ಶೀಟಿಗೆ ತಾಗುತ್ತದೆ. ಬ್ಲಾಕು ಮೀಟರಿಗೊಂದಾದರೂ ಇರಲಿ, ಸ್ಲ್ಯಾಬಿನ ಕಾಂಕ್ರೀಟಿನಷ್ಟೇ ಬಲದ ಸಿಮೆಂಟಿನದಿರಲಿ. ಪ್ಲಾಸ್ಟಿಕ್ಕಿನದು ಬೆಂಕಿಯಲ್ಲಿ ಕರಗಿ ಸರಳಿನವರೆಗೆ ತೂತು ಬಿಡುತ್ತದೆ. ಕಟ್ಟುವ ತಂತಿಯ ಬಾಲಗಳು ಕೆಳಗೆ ಚಾಚಿಕೊಂಡಿದ್ದರೆ ಮೇಲಕ್ಕೆ ಮಡಚಿಸಿ. ಕವರಿನಲ್ಲಿ ಹೆಚ್ಚಾಗುವುದಾದರೆ 10 ಮಿ.ಮೀ.ವರೆಗೆ ಕೋಡ್ ಒಪ್ಪುತ್ತದೆ, ಕಡಿಮೆಯಾಗುವುದಕ್ಕೆ ಒಂದು ಮಿಲಿಮೀಟರಿನ ರಿಯಾಯಿತಿಯೂ ಇಲ್ಲ.